ಮಳೆಗಾಲ ಕಳೆದು ಕ್ರೀಡಾ ಸಾಮಾನಿನ ಕೋಣೆ ತೆರೆಯುವಾಗ ಏನೇನು ನೋಡ್ತೀರಿ?

ಹೊಸ ಪಿ.ಟಿ. ಟೀಚರ್, ಮಡಿಕೇರಿ: ಈ ವರ್ಷವಷ್ಟೇ ಇಲ್ಲಿನ ಪ್ರೌಢಶಾಲೆಗೆ ಸೇರಿದ್ದೇನೆ, ಊರು ಬಯಲುಸೀಮೆ. ಜೂನ್‌ನಿಂದ ಸ್ಟೋರ್ ಬೀಗ ಹಾಕಿಯೇ ಇದೆ. ಎತ್ತಿಡುವ ಹಾಕಿ ಗೋಲ್‌ಪೋಸ್ಟ್ ಎರಡು, ಹೈಜಂಪ್ ಮ್ಯಾಟ್, ಹರ್ಡಲ್ಸ್, ಗುಂಡು, ಡಿಸ್ಕಸ್, ಜಾವೆಲಿನ್ ಇವೆ. ಮಕ್ಕಳ ಕೈಗೆ ಕೊಡುವ ಮೊದಲು ಏನೇನು ನೋಡಬೇಕು? ಒಂದು ಪಟ್ಟಿ ಮಾಡಿಕೊಳ್ಳೋಣ ಅಂತ.

ನಿವೃತ್ತ ಪಿ.ಟಿ. ಮೇಷ್ಟ್ರು, ವಿರಾಜಪೇಟೆ: ಪಟ್ಟಿಯ ಮೊದಲ ಸಾಲು ಗೋಲ್‌ಪೋಸ್ಟ್ ಇರಲಿ ಮೇಡಂ. ಮಿಕ್ಕವು ಕೈಕಾಲು ಮುರಿಯಬಹುದು, ಇದು ತಲೆಯ ಮೇಲೆ ಬೀಳುತ್ತದೆ. ಗೋಲ್‌ಪೋಸ್ಟ್ ಕಂಡರೆ ಮಕ್ಕಳು ಹಾರಿ ಅಡ್ಡಪಟ್ಟಿಗೆ ನೇತಾಡುವುದು ಎಲ್ಲ ಶಾಲೆಯಲ್ಲೂ ಇದ್ದದ್ದೇ.

ಒಂದು ಲೆಕ್ಕ ಹೇಳ್ತೇನೆ. ನಮ್ಮ ಕಡೆ ಗೆದ್ದಲಿಗೆ ಹೆದರಿ ಹಿಂದಿನ ಹಲಗೆ ಬಿಚ್ಚಿ ಒಳಗಿಡುತ್ತಾರೆ, ಹೊರಗೆ ಉಳಿಯುವುದು ಬರೀ ಪೈಪಿನ ಚೌಕಟ್ಟು. ಅದು 60 ಕಿಲೋ ಇದೆ, ಅದರ ಭಾರವೆಲ್ಲ ಮುಂದಿನ ಕಂಬದಿಂದ 40 ಸೆಂಟಿಮೀಟರ್ ಹಿಂದೆ ಕೂತಿದೆ ಅಂದುಕೊಳ್ಳಿ. ಅಡ್ಡಪಟ್ಟಿ 2.14 ಮೀಟರ್ ಎತ್ತರದಲ್ಲಿದೆ. 60ನ್ನು 0.4ರಿಂದ ಗುಣಿಸಿ 2.14ರಿಂದ ಭಾಗಿಸಿದರೆ 11 ಚಿಲ್ಲರೆ. ಅಂದರೆ ಮೇಲಿನ ಪಟ್ಟಿಯನ್ನು ಯಾರಾದರೂ ಮುಂದಕ್ಕೆ 11 ಕಿಲೋ ಬಲದಲ್ಲಿ ಎಳೆದರೆ ಸಾಕು, ಇಡೀ ಗೋಲು ಕವುಚಿಕೊಳ್ಳುತ್ತದೆ. ನೇತುಬಿದ್ದು ತೂಗುವ ಆರನೇ ಕ್ಲಾಸಿನ ಹುಡುಗನಿಗೆ ಅದೇನು ಹೆಚ್ಚಲ್ಲ.

ಹಿಂದಿನ ತಳಪಟ್ಟಿ ಕಂಬದಿಂದ 1.2 ಮೀಟರ್ ದೂರ ಇರುತ್ತದೆ. ಅದರ ಮೇಲೆ 20 ಕಿಲೋದ ಎರಡು ಮರಳು ಚೀಲ ಹಾಕಿದರೆ ಆ 11 ಸುಮಾರು 34 ಆಗುತ್ತದೆ. ಅದೇ ಚೀಲವನ್ನು ಕಂಬದ ಬುಡಕ್ಕೆ ಇಟ್ಟರೆ ಏನೂ ಪ್ರಯೋಜನವಿಲ್ಲ, ಹಾಗೆ ಇಟ್ಟಿರುವುದನ್ನೇ ಹೆಚ್ಚು ಕಡೆ ನೋಡಿದ್ದೇನೆ. 34 ಕೂಡ ಸಾಲದು. ಆದ್ದರಿಂದ ಚೀಲ ಹಾಕಿದ ಮೇಲೂ ಗೂಟ ಹೊಡೆಯಬೇಕು, ಆಟ ಮುಗಿದ ಮೇಲೆ ಗೋಡೆಗೋ ಮರಕ್ಕೋ ಸರಪಳಿ ಹಾಕಿ ಬೀಗ ಜಡಿಯಬೇಕು. ಸೆಪ್ಟೆಂಬರ್‌ನ ನೆಲದಲ್ಲಿ ಮಾತ್ರ ಗೂಟವನ್ನೇ ನಂಬಬೇಡಿ, ಕೈಯಲ್ಲಿ ಅಲುಗಿಸಿದರೆ ಎದ್ದು ಬರುತ್ತದೆ.

ನಿಮ್ಮ ಗೋಲಿನ ಸಂಖ್ಯೆ ಬೇಕಿದ್ದರೆ ಕಾಫಿ ಮೂಟೆ ತೂಗುವ ಕೊಕ್ಕೆ ತಕ್ಕಡಿಯನ್ನು ಅಡ್ಡಪಟ್ಟಿಯ ನಡುವಿಗೆ ಹಗ್ಗದಿಂದ ಕಟ್ಟಿ ದೂರ ನಿಂತು ಮೆಲ್ಲ ಎಳೆಯಿರಿ. ಹಿಂದೆ ಇಬ್ಬರು ದೊಡ್ಡವರು ಹಿಡಿದು ನಿಂತಿರಲಿ. ಹಿಂಗಾಲು ನೆಲ ಬಿಡುವಾಗ ತಕ್ಕಡಿ ಎಷ್ಟು ತೋರಿಸಿತು ನೋಡಿ.

ವೆಲ್ಡಿಂಗ್ ಶಾಪ್, ಸೋಮವಾರಪೇಟೆ: ಸರ್ ಹೇಳಿದ್ದು ಬೀಳೋದರ ಬಗ್ಗೆ. ನನ್ನ ಹತ್ತಿರ ಬರೋದು ಮುರಿದದ್ದು. ಶಾಲೆಯವರು ಪ್ರತಿ ವರ್ಷ ಮೇಲೆ ಬಿಳಿ ಬಣ್ಣ ಬಳೀತಾರೆ, ಪೈಪು ಒಳಗಿಂದ ತಿಂದು ಹೋಗಿರುತ್ತೆ. ನೀರು ಇಳಿದು ಬುಡದಲ್ಲೇ ನಿಲ್ಲೋದು, ಹಾಗಾಗಿ ನೆಲದಿಂದ ಒಂದು ಗೇಣು ಜಾಗವನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ. ಮೇಲೆ ಟಣ್ ಅಂದದ್ದು ಬುಡದಲ್ಲಿ ಡಬ್ ಅಂದರೆ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿ, ಒಳಗೆ ಇಳಿದರೆ ಆ ತುಂಡು ಕತ್ತರಿಸಿ ಹೊಸ ಪೈಪೇ ಹಾಕಿಸಬೇಕು. ಮೇಲೆ ತಗಡಿನ ತೇಪೆ ಹಾಕಿ ಅಂತ ಕೇಳಬೇಡಿ. ಮೂಲೆಯ ವೆಲ್ಡಿಂಗ್ ಪಕ್ಕ ಬಣ್ಣ ಕೂದಲೆಳೆಯಷ್ಟು ಬಿರಿದು ಕಂದು ಗೆರೆ ಇದ್ದರೆ ಅದು ಬಣ್ಣದ ಬಿರುಕಲ್ಲ. ನೆಟ್ ಕಟ್ಟೋ ಕಬ್ಬಿಣದ ಕೊಕ್ಕೆ ಇದ್ದರೆ ಎಲ್ಲ ಗ್ರೈಂಡ್ ಮಾಡಿಸಿ ತೆಗೆಸಿ, ಬೆರಳು ಸಿಕ್ಕಿಹಾಕಿಕೊಳ್ಳುತ್ತೆ.

ಅಥ್ಲೆಟಿಕ್ಸ್ ಕೋಚ್, ಕುಶಾಲನಗರ: ಹರ್ಡಲ್ಸ್ ಬಗ್ಗೆ ನಾನು ಹೇಳ್ತೀನಿ. ಕಾಲಿನ ಒಳಗಿನ ತೂಕದ ಗಟ್ಟಿ ಸರಿಯುತ್ತಾ ನೋಡಿ, ತುಕ್ಕು ಹಿಡಿದಿದ್ದರೆ ಎಣ್ಣೆ ಬಿಡಿ. ಆಮೇಲೆ ಗಟ್ಟಿಯನ್ನು ಪೂರ್ತಿ ಕಾಲಿನ ತುದಿಗೆ ತಳ್ಳಿ ಅಲ್ಲೇ ಬಿಗಿ ಮಾಡಿ. ಇಲ್ಲಿನ ಗಾಳಿಗೆ ಇಲ್ಲದಿದ್ದರೆ ಒಂದೂ ನಿಲ್ಲಲ್ಲ.

ನಿವೃತ್ತ ಪಿ.ಟಿ. ಮೇಷ್ಟ್ರು, ವಿರಾಜಪೇಟೆ: ಎಣ್ಣೆ ಸರಿ, ತುದಿಗೆ ತಳ್ಳುವುದು ಬೇಡ ಕೋಚ್ ಸಾಹೇಬರೇ. ಕಾಲು ತಾಗಿದರೆ ಹರ್ಡಲ್ ಬೀಳಲೇಬೇಕು. ಮೇಲಿನ ಪಟ್ಟಿಯ ನಡುವೆ 3.6ರಿಂದ 4 ಕಿಲೋ ಬಲಕ್ಕೆ ಉರುಳಬೇಕು ಅಂತ ನಿಯಮ. ಗಟ್ಟಿಯ ಜಾಗ ಎತ್ತರಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 91.4 ಸೆಂಟಿಮೀಟರಿಗೆ ಸರಿಯಾಗಿ 4 ಕಿಲೋಗೆ ಬೀಳುವಂತೆ ಇಟ್ಟ ಗಟ್ಟಿ ಅಲ್ಲೇ ಜಾಮ್ ಆಗಿದೆ, ನೀವು ಹುಡುಗಿಯರಿಗೆ ಅಂತ ಪಟ್ಟಿಯನ್ನು 76.2ಕ್ಕೆ ಇಳಿಸಿದಿರಿ ಅಂದರೆ ಅದು ಬೀಳಲು 4.8 ಕಿಲೋ ಬೇಕು. ಚಿಕ್ಕ ಮಕ್ಕಳಿಗೇ ಗಟ್ಟಿ ಹರ್ಡಲ್ ಕೊಟ್ಟ ಹಾಗಾಯಿತು. ಅದೇ ತಕ್ಕಡಿಯಿಂದ, ಓಡುವ ದಿಕ್ಕಿಗೆ ಎಳೆದು ಪ್ರತಿಯೊಂದನ್ನೂ ನೋಡಿ. ಇಡುವಾಗ ತಳದ ಕಾಲುಗಳು ಓಡಿ ಬರುವವರ ಕಡೆಗೆ ಚಾಚಿರಬೇಕು. ತಿರುಗಿಸಿ ಇಟ್ಟರೆ ಅದು ಬೀಳುವುದಿಲ್ಲ, ಮಗು ಬೀಳುತ್ತದೆ.

ಅಥ್ಲೆಟಿಕ್ಸ್ ಕೋಚ್, ಕುಶಾಲನಗರ: ಸ್ಪರ್ಧೆಗೆ ಒಪ್ಪಿದೆ. ಪ್ರಾಕ್ಟೀಸ್‌ನಲ್ಲಿ ಗಾಳಿಗೆ ಹತ್ತು ಸಲ ಎತ್ತಿ ನಿಲ್ಲಿಸುವವರು ಯಾರು ಸರ್?

ಪೋಷಕರು, ಗೋಣಿಕೊಪ್ಪ: ಹಾಕಿ ಸಾಮಾನು ಗೋಣಿಕೊಪ್ಪದಲ್ಲೇ ಸಿಗುತ್ತೆ, ಅದಕ್ಕೆ ಮೈಸೂರಿಗೆ ಹೋಗೋದು ಬೇಡ. ಸ್ಟಿಕ್ ತಗೊಳ್ಳೋದಾದ್ರೆ ಮಗುವಿನ ಸೊಂಟದ ಎತ್ತರಕ್ಕೆ ನೋಡಿ ತಗೊಳ್ಳಿ.

ಹೊಸ ಪಿ.ಟಿ. ಟೀಚರ್, ಮಡಿಕೇರಿ: ಸ್ಟೋರ್ ಅಂದರೆ ಅಂಗಡಿ ಅಲ್ಲ ಸರ್, ಶಾಲೆಯ ಸಾಮಾನು ಕೋಣೆ. ಸ್ಟಿಕ್ ವಿಷಯಕ್ಕೆ ಥ್ಯಾಂಕ್ಸ್. ಮ್ಯಾಟ್ ಬಗ್ಗೆ ಯಾರಾದರೂ ಹೇಳ್ತೀರಾ? ಮೇಲೆ ಒಣಗಿದೆ, ಆದರೆ ಕೋಣೆ ತುಂಬ ಬೂಷ್ಟಿನ ವಾಸನೆ.

ಟೀಚರ್, ನಾಪೋಕ್ಲು: ಮೇಲೆ ಒಣಗಿರೋದನ್ನು ನಂಬಬೇಡಿ. ಮೊದಲು ಕೋಲಿನಿಂದ ಒಂದು ಅಂಚು ಎತ್ತಿ, ಕೆಳಗೆ ಕೈ ಹಾಕಬೇಡಿ, ಚೇಳೋ ಹಾವೋ ಬೆಚ್ಚಗೆ ಮಲಗಿರುತ್ತೆ. ಆಮೇಲೆ ಇಬ್ಬರು ಎತ್ತಿ ನೋಡಿ. ಹೋದ ವರ್ಷ ಇಬ್ಬರು ಎತ್ತುತ್ತಿದ್ದದ್ದಕ್ಕೆ ಈ ವರ್ಷ ನಾಲ್ವರು ಬೇಕಾದರೆ ಒಳಗಿನ ಸ್ಪಂಜು ನೀರು ಕುಡಿದಿದೆ. ಪಕ್ಕದ ಜಾಲರಿ ಗೋಡೆಗೆ ಒತ್ತಿಕೊಂಡಿದ್ದರೆ ಆ ನೀರು ಜನ್ಮದಲ್ಲಿ ಆರಲ್ಲ. ಕಟ್ಟಿಗೆಯ ಮೇಲೆ ಅಂಚಿಗೆ ನಿಲ್ಲಿಸಿ ಗಾಳಿಯಾಡುವ ಜಗಲಿಯಲ್ಲಿ ಬಿಡಿ, ದಿನಗಟ್ಟಲೆ ಬೇಕಾಗುತ್ತೆ. ಉರಿಬಿಸಿಲಿಗೆ ತಿಂಗಳುಗಟ್ಟಲೆ ಬಿಟ್ಟರೆ ಮೇಲಿನ ಹೊದಿಕೆ ಸೀಳುತ್ತೆ.

ಒಣಗಿದ ಮೇಲೆ ಸ್ಪಂಜು ಸತ್ತಿದೆಯಾ ನೋಡಬೇಕು. ಮಕ್ಕಳು ಬೆನ್ನು ಊರುವ ನಡುಭಾಗದಲ್ಲಿ ನಿಮ್ಮಂಥ ದೊಡ್ಡವರು ಮೊಣಕಾಲು ಊರಿ ಪೂರ್ತಿ ಭಾರ ಬಿಡಿ. ನೆಲ ತಾಗಿದರೆ ಆ ಮ್ಯಾಟ್ ಹೈಜಂಪ್‌ಗೆ ಮುಗಿಯಿತು, ಯೋಗಕ್ಕೆ ಹಾಸಿಕೊಳ್ಳಿ. ಎರಡು ಮ್ಯಾಟ್ ಜೋಡಿಸುವುದಾದರೆ ಪಟ್ಟಿಯಿಂದ ಬಿಗಿದು ಮೇಲೆ ಒಂದೇ ಹೊದಿಕೆ ಹಾಕಿ. ಸಂದಿಗೆ ಪಾದ ಇಳಿದರೆ ಕಣಕಾಲು ತಿರುಚುತ್ತದೆ.

ಟೀಚರ್, ಪೊನ್ನಂಪೇಟೆ: ಗುಂಡು ಒರೆಸಿ ಕೈಯಾಡಿಸಿದರೆ ಸಾಕು, ತರಚು ಸಿಗಬಾರದು. ಜಾವೆಲಿನ್‌ಗೆ ಮೂತಿ ಅಲುಗುತ್ತಾ, ಹಿಡಿಯ ದಾರ ಬಿಚ್ಚಿದೆಯಾ, ಕಣ್ಣಿನ ಮಟ್ಟಕ್ಕೆ ಹಿಡಿದರೆ ಬಾಗಿದೆಯಾ, ಇಷ್ಟು. ತಲೆನೋವು ಮರದ ಡಿಸ್ಕಸ್‌ದು. ಮಳೆಗೆ ಮರ ಉಬ್ಬಿ, ಬಿಸಿಲಿಗೆ ಕುಗ್ಗಿ, ಲೋಹದ ಬಳೆ ಸಡಿಲ ಆಗುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನಾದರೂ ಗಡಗಡ ಅಂದರೆ ಪಕ್ಕಕ್ಕಿಡಿ. ಮರ ಸಣ್ಣಗೆ ಸೀಳಿದ್ದರೆ ನಾನು ಅಂಟು ತುಂಬಿ ಕ್ಲ್ಯಾಂಪ್ ಹಾಕಿ ಬಳಸ್ತೇನೆ, ಏನೂ ಆಗಿಲ್ಲ.

ನಿವೃತ್ತ ಪಿ.ಟಿ. ಮೇಷ್ಟ್ರು, ವಿರಾಜಪೇಟೆ: ನಾನು ಬಳಸಲ್ಲ. ಕಲ್ಲಿಗೆ ಬಡಿದ ದಿನ ಆ ಅಂಟು ಬಿಡುತ್ತದೆ, ಸೀಳು ಬೆರಳಿಗೆ ಚುಚ್ಚುತ್ತದೆ. ಕಲಿಯುವವರಿಗೆ ರಬ್ಬರಿನದೇ ಸಾಕು.

ಟೀಚರ್, ಪೊನ್ನಂಪೇಟೆ: ರಬ್ಬರಿನದರಲ್ಲಿ ಕಲಿತ ಹುಡುಗಿಗೆ ತಾಲ್ಲೂಕು ಮೀಟ್‌ನಲ್ಲಿ 1 ಕಿಲೋ ಮರದ್ದು ಕೈಗೆ ಕೊಟ್ಟರೆ ಹಿಡಿತವೇ ಸಿಗಲ್ಲ ಸರ್. ಬಳೆ ಬಿಗಿಯಾಗಿದ್ದರೆ ಅಂಟಿಸಿದ್ದು ನಡೆಯುತ್ತೆ ಅಂತಲೇ ನನ್ನ ಅಭಿಪ್ರಾಯ.

ಹೊಸ ಪಿ.ಟಿ. ಟೀಚರ್, ಮಡಿಕೇರಿ: ಇವತ್ತು ಮಧ್ಯಾಹ್ನ ಒಂದು ಗೋಲು ತಟ್ಟಿ ನೋಡಿದೆವು, ಎಡಗಂಬದ ಬುಡಕ್ಕೆ ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯಿತು. ಅದನ್ನು ನೆಲಕ್ಕೆ ಮಲಗಿಸಿಟ್ಟಿದ್ದೇವೆ. ಈಗ ಪ್ರಶ್ನೆ ಬೇರೆ: ಸ್ಟಾಕ್ ರಿಜಿಸ್ಟರ್‌ನಲ್ಲಿ ಇರುವ ವಸ್ತು, ಹಾಗೇ ಗುಜರಿಗೆ ಹಾಕಿದರೆ ಆಡಿಟ್‌ನಲ್ಲಿ ಕೇಳ್ತಾರೆ ಅಂತಾರೆ ಹೆಡ್‌ಮಾಸ್ಟರ್.

ಟೀಚರ್, ನಾಪೋಕ್ಲು: ಕೇಳ್ತಾರೆ. ರಿಜಿಸ್ಟರ್‌ನಲ್ಲಿ ದಿನಾಂಕ ಹಾಕಿ ‘ಬಳಕೆಗೆ ಯೋಗ್ಯವಲ್ಲ’ ಅಂತ ಬರೆದು ಹೆಡ್‌ಮಾಸ್ಟರ್ ಸಹಿ ಹಾಕಿಸಿ, ಫೋಟೋ ಅಂಟಿಸಿ. ವಸ್ತುವಿಗೆ ಕೆಂಪು ಬಟ್ಟೆ ಕಟ್ಟಿ ಬೇರೆ ಮೂಲೆಯಲ್ಲಿ ಬೀಗ ಹಾಕಿಡಿ. ವಿಲೇವಾರಿ ಆರ್ಡರ್ ಬರೋದು ಯಾವಾಗಲೋ, ಅಷ್ಟರಲ್ಲಿ ಯಾರಾದರೂ ಮಕ್ಕಳು ಎಳೆದು ಹೊರಗೆ ತರದಿದ್ದರೆ ಸರಿ.