ಟೋಕನ್ ಹಿಂದೆ, ಸರ್ಟಿಫಿಕೇಟ್ ಹಿಂದೆ ಚಿನ್ನ ನಿಜವಾಗ್ಲೂ ಇರುತ್ತಾ? ಅನುಭವ ಇದ್ದವರು ಹೇಳಿ

ಸವಿತಾ, ಹಾಸನ: ನನ್ನ ತಮ್ಮ ದುಬೈನಲ್ಲಿದ್ದಾನೆ. PAXG ಅನ್ನೋ ಕ್ರಿಪ್ಟೊ ಟೋಕನ್ ತಗೋ ಅಕ್ಕ, ಒಂದಕ್ಕೆ ಒಂದು ಔನ್ಸ್ ಚಿನ್ನ ಲಂಡನ್ನಿನಲ್ಲಿ ಇಟ್ಟಿರುತ್ತಾರೆ ಅನ್ನುತ್ತಾನೆ. ನಾನು ಫೋನ್ ಆ್ಯಪ್‌ನಲ್ಲಿ ಡಿಜಿಟಲ್ ಗೋಲ್ಡ್ ಸ್ವಲ್ಪ ತಗೊಂಡಿದ್ದೇನೆ, ಅದಕ್ಕೆ ಪಿಡಿಎಫ್ ಸರ್ಟಿಫಿಕೇಟ್ ಬಂದಿದೆ. ಮಗಳ ಮದುವೆಗೆ ಅಂತ ಕೂಡಿಡುತ್ತಿರುವ ದುಡ್ಡು. ಚಿನ್ನ ನಿಜಕ್ಕೂ ಇದೆಯಾ ಅಂತ ನಮ್ಮಂಥವರು ತಿಳಿಯುವುದು ಹೇಗೆ?

ಮಂಜುನಾಥ್: ಟೋಕನ್ ಬಗ್ಗೆ ಹೆದರಬೇಡಿ ಮೇಡಂ. ಟೋಕನ್ ಲೆಕ್ಕ ಬರೆಯುವ ಬ್ಲಾಕ್‌ಚೈನ್ ಅನ್ನೋ ಸಾರ್ವಜನಿಕ ಖಾತೆಪುಸ್ತಕದಲ್ಲಿ ಎಲ್ಲಾ ಬಯಲಲ್ಲೇ ಇರುತ್ತದೆ. ಒಟ್ಟು ಎಷ್ಟು ಟೋಕನ್ ಇದೆ ಅಂತ ಯಾರು ಬೇಕಾದರೂ ನೋಡಬಹುದು, ಕಂಪನಿಯವರೂ ಕೈಯಾಡಿಸುವುದಕ್ಕೆ ಆಗುವುದಿಲ್ಲ. PAXG ಕೊಡುವ ಪ್ಯಾಕ್ಸೋಸ್ ಕಂಪನಿಯ ಸೈಟಿನಲ್ಲಿ ಟೋಕನ್ ಇಟ್ಟಿರುವ ನಿಮ್ಮ ವಾಲೆಟ್ ವಿಳಾಸ ಹಾಕಿದರೆ ನಿಮ್ಮ ಪಾಲಿನ ಚಿನ್ನದ ಗಟ್ಟಿಯ ಸೀರಿಯಲ್ ನಂಬರ್ ಕೂಡ ತೋರಿಸುತ್ತಾರೆ.

ರಘುನಂದನ, ಬೆಂಗಳೂರು: ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಸೀರಿಯಲ್ ನಂಬರ್ ವಿಷಯ ಮಂಜುನಾಥ್ ಹೇಳಿದ್ದು ಸರಿ. ಕೈಯಾಡಿಸಲು ಆಗುವುದಿಲ್ಲ ಅನ್ನುವುದು ಸರಿಯಲ್ಲ. ಬ್ಲಾಕ್‌ಚೈನ್‌ಗೆ ಟೋಕನ್ ಎಣಿಸುವುದು ಗೊತ್ತು, ಚಿನ್ನ ಎಣಿಸುವುದು ಗೊತ್ತಿಲ್ಲ. ಹೊಸ ಟೋಕನ್ ಹುಟ್ಟಿಸುವ ಅಧಿಕಾರ ಕಂಪನಿಯ ಕೈಯಲ್ಲೇ ಇರುತ್ತದೆ. 2025ರ ಅಕ್ಟೋಬರ್‌ನಲ್ಲಿ ಇದೇ ಪ್ಯಾಕ್ಸೋಸ್, PYUSD ಅನ್ನುವ ತನ್ನ ಡಾಲರ್ ಟೋಕನ್ನನ್ನು ತಪ್ಪಿ 300 ಲಕ್ಷ ಕೋಟಿ ಹುಟ್ಟಿಸಿಬಿಟ್ಟಿತು. ಸ್ವಲ್ಪ ಹೊತ್ತಿನಲ್ಲೇ ಅಳಿಸಿದರು, ಯಾರ ದುಡ್ಡೂ ಹೋಗಲಿಲ್ಲ. ಅದು ಚಿನ್ನದ ಟೋಕನ್ ಅಲ್ಲ, ನಿಜ. ಆದರೆ ಅಷ್ಟು ಟೋಕನ್ ಹುಟ್ಟುವಾಗ ಹಿಂದೆ ಏನಿದೆ ಅಂತ ಬ್ಲಾಕ್‌ಚೈನ್ ಕೇಳಲಿಲ್ಲ ಅಲ್ವಾ? ಇನ್ನೊಂದು, ಯಾವುದೇ ವಿಳಾಸವನ್ನು ಕಂಪನಿ ಫ್ರೀಜ್ ಮಾಡಬಹುದು. ಆ ಅವಕಾಶ ಕೋಡ್‌ನಲ್ಲೇ ಇದೆ.

ಹಾಗಾದರೆ ನಂಬಿಕೆ ಎಲ್ಲಿಂದ ಬರುತ್ತದೆ? ಹೊರಗಿನ ಲೆಕ್ಕಿಗರು ಪ್ರತಿ ತಿಂಗಳು ಕೊಡುವ ವರದಿಯಿಂದ. ಇಂಥ ತಾರೀಖಿಗೆ ಇಷ್ಟು ಟೋಕನ್ ಚಲಾವಣೆಯಲ್ಲಿತ್ತು, ಚಿನ್ನ ಇಡುವ ವಾಲ್ಟ್‌ನಲ್ಲಿ ಇಷ್ಟು ಔನ್ಸ್ ಇತ್ತು ಅಂತ ಅದರಲ್ಲಿ ಇರುತ್ತದೆ. ಅದೇ ತಾರೀಖಿನ ಟೋಕನ್ ಸಂಖ್ಯೆಯನ್ನು ಬ್ಲಾಕ್‌ಚೈನ್ ಲೆಕ್ಕ ತೋರಿಸುವ ಇಥರ್‌ಸ್ಕ್ಯಾನ್ ಸೈಟಿನಲ್ಲಿ ನೀವೇ ಹೋಲಿಸಿ ನೋಡಬಹುದು. ಔನ್ಸ್ ಕಡಿಮೆ ಇದ್ದರೆ, ಅಥವಾ ವರದಿ ತಿಂಗಳುಗಟ್ಟಲೆ ಹಳೆಯದಾಗಿದ್ದರೆ ಅಲ್ಲೇ ನಿಲ್ಲಿ. ವರದಿ ಆ ಒಂದು ದಿನದ ಮಾತು ಹೇಳುತ್ತದೆ ಅಷ್ಟೇ, ಮಾರನೇ ದಿನದ್ದಲ್ಲ. ಪ್ಯಾಕ್ಸೋಸ್ ಅಮೆರಿಕದ ಸರ್ಕಾರಿ ನಿಯಂತ್ರಕರ ನಿಗಾದಲ್ಲಿರುವ ಟ್ರಸ್ಟ್ ಕಂಪನಿ, ಅದು ದೊಡ್ಡ ಸಮಾಧಾನ. ಎಲ್ಲಾ ಚಿನ್ನದ ಟೋಕನ್‌ಗಳಿಗೂ ಅಂಥ ನಿಗಾ ಇರುವುದಿಲ್ಲ.

ಫರೀದಾ: ಮಧ್ಯೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ PAXG, ಟೋಕನ್ ಕೊಂಡು ಮಾರುವ ಒಂದು ಎಕ್ಸ್‌ಚೇಂಜ್ ಆ್ಯಪ್‌ನಲ್ಲೇ ಇದೆ. ವಾಲೆಟ್ ವಿಳಾಸ ಅಂತ ನನಗೆ ಬೇರೆ ಕೊಟ್ಟಿಲ್ಲ. ಹೋದ ವರ್ಷ ಆ ಆ್ಯಪ್‌ನವರು ಹೊರಗೆ ಕಳಿಸುವುದನ್ನು ನಿಲ್ಲಿಸಿದ್ದರು. ಬೆಲೆ ಏರುತ್ತಿತ್ತು, ಮಾರಿದರೂ ದುಡ್ಡು ಬ್ಯಾಂಕಿಗೆ ಬರುತ್ತಿರಲಿಲ್ಲ. ಆಗ ನನ್ನ ಗಟ್ಟಿಯ ನಂಬರ್ ಯಾವುದು?

ರಘುನಂದನ: ನಿಮ್ಮದು ಅಂತ ನಂಬರ್ ಇಲ್ಲ ಫರೀದಾ ಅವರೇ. ಟೋಕನ್ ಎಕ್ಸ್‌ಚೇಂಜಿನ ವಿಳಾಸದಲ್ಲಿದೆ, ಗಟ್ಟಿಯೂ ಅದರ ಹೆಸರಿಗೇ ತೋರಿಸುತ್ತದೆ. ಲಂಡನ್ನಿನಲ್ಲಿ ಚಿನ್ನ ಪೂರ್ತಿ ಇದ್ದರೂ ಎಕ್ಸ್‌ಚೇಂಜ್ ಮುಳುಗಿದರೆ ನೀವು ಅದಕ್ಕೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಗಬಹುದು. ಸವಿತಾ ಅವರ ತಮ್ಮ ಎಲ್ಲಿ ಇಟ್ಟಿದ್ದಾರೆ ಅನ್ನುವುದನ್ನು ಮೊದಲು ಕೇಳಿ.

ಮಂಜುನಾಥ್: ಒಪ್ಪಿದೆ ಸರ್. ಆದರೆ ಸ್ವಂತ ವಾಲೆಟ್ ಇದ್ದರೆ ಬೇಕೆಂದಾಗ ಚಿನ್ನವನ್ನೇ ತರಿಸಿಕೊಳ್ಳಬಹುದಲ್ಲ?

ರಘುನಂದನ: 430 ಟೋಕನ್ ಇದ್ದರೆ ತರಿಸಿಕೊಳ್ಳಬಹುದು. ಲಂಡನ್ ಮಾರುಕಟ್ಟೆಯ ಗಟ್ಟಿಗಳು 350ರಿಂದ 430 ಔನ್ಸ್ ತೂಗುತ್ತವೆ, ಅದಕ್ಕೇ ಆ ಮಿತಿ. ಒಂದು ಔನ್ಸ್ ಅಂದರೆ 31.1 ಗ್ರಾಂ, ಅಲ್ಲಿಗೆ 13 ಕಿಲೋ ಮೇಲೆ. ಮದುವೆ ಮನೆಗೆ ಇದು ಆಗುವ ಮಾತಲ್ಲ. ನಮ್ಮಂಥವರು ಮಾರಿ ದುಡ್ಡು ತಗೊಳ್ಳಬೇಕು ಅಷ್ಟೇ. ಇಲ್ಲಿದ್ದು ಮಾರಿದರೆ ಕ್ರಿಪ್ಟೊ ತೆರಿಗೆ ಬೀಳುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ. ಲಾಭದ ಮೇಲೆ 30%, ಮಾರುವಾಗ 1% ಟಿಡಿಎಸ್.

ಪ್ರಭಾಕರ ಶೆಟ್ಟಿ: ಇದೆಲ್ಲ ಸುಮ್ನೆ ತಲೆನೋವು. ಬ್ಯಾಂಕಿಗೆ ಹೋಗಿ ಸರ್ಕಾರದ ಗೋಲ್ಡ್ ಬಾಂಡ್ ತಗೊಳ್ಳಿ. ಎರಡೂವರೆ ಪರ್ಸೆಂಟ್ ಬಡ್ಡಿ ಬೇರೆ ಬರುತ್ತದೆ.

ಕುಸುಮಾ: ಪ್ರಭಾಕರಣ್ಣ, 2024ರ ಫೆಬ್ರವರಿ ಆದಮೇಲೆ ಹೊಸ ಬಾಂಡ್ ಬಿಟ್ಟಿಲ್ಲ. ಹಳೆಯದನ್ನು ಷೇರು ಪೇಟೆಯಲ್ಲಿ ಬೇರೆಯವರಿಂದ ಕೊಳ್ಳಬೇಕು. ಮತ್ತೆ ಅದರ ಹಿಂದೆಯೂ ಗಟ್ಟಿ ಇಟ್ಟಿಲ್ಲ, ಸರ್ಕಾರದ ಮಾತು ಇದೆ. ಸವಿತಾ ಕೇಳಿದ್ದು ಚಿನ್ನ ಇದೆಯಾ ಅಂತ.

ಆ್ಯಪ್ ಚಿನ್ನದ ಬಗ್ಗೆ ನಾನು ಹೇಳುತ್ತೇನೆ. ಹತ್ತು ಸಾವಿರ ರೂಪಾಯಿ ಹಾಕಿದೆ. ಅದರಲ್ಲಿ 3% ಜಿಎಸ್‌ಟಿ ಕಳೆದು 9,709 ರೂಪಾಯಿಯ ಚಿನ್ನ ಬಂತು. ಆ ಹೊತ್ತಿನಲ್ಲಿ ಕೊಳ್ಳುವ ಬೆಲೆಗಿಂತ ಮಾರುವ ಬೆಲೆ ನೂರಕ್ಕೆ ಮೂರು ಕಡಿಮೆ ಇತ್ತು. ಅಂದರೆ ಅಲ್ಲೇ ಮಾರಿದ್ದರೆ ಕೈಗೆ ಸುಮಾರು 9,417. ಚಿನ್ನದ ಬೆಲೆ ಆರು ಪರ್ಸೆಂಟ್‌ಗೂ ಜಾಸ್ತಿ ಏರಿದರೆ ಮಾತ್ರ ನನ್ನ ದುಡ್ಡು ನನಗೆ. ನಾಣ್ಯ ತರಿಸಿಕೊಂಡರೆ ತಯಾರಿಕೆ, ಕೊರಿಯರ್ ಖರ್ಚು ಬೇರೆ. ವಾಲ್ಟ್‌ನಲ್ಲಿ ಚಿನ್ನ ಇರಬಹುದು, ಆದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ ಅನ್ನುವುದು ನನ್ನ ಸಿಟ್ಟು.

ರಘುನಂದನ: ಕುಸುಮಾ ಅವರ ಲೆಕ್ಕ ಸರಿ ಇದೆ. ಸವಿತಾ ಅವರೇ, ಈಗ ನಿಮ್ಮ ಪಿಡಿಎಫ್ ತೆಗೆಯಿರಿ. ಫೋನ್ ಆ್ಯಪ್ ಬರೀ ಅಂಗಡಿ. ಚಿನ್ನ ಇಡುವವರು ಬೇರೆ. ಎಂಎಂಟಿಸಿ-ಪ್ಯಾಂಪ್, ಸೇಫ್‌ಗೋಲ್ಡ್, ಆಗ್‌ಮಾಂಟ್ ಇಂಥವರ ಹೆಸರು ಇರಬೇಕು. ಆಮೇಲೆ ಟ್ರಸ್ಟಿ ಯಾರು ಅಂತ ನೋಡಿ. ಕಂಪನಿ ಮುಚ್ಚಿದರೆ ಚಿನ್ನ ಅದಕ್ಕೆ ಸಾಲ ಕೊಟ್ಟವರ ಪಾಲಾಗದಂತೆ ಗ್ರಾಹಕರ ಪರ ಹಿಡಿದುಕೊಳ್ಳಬೇಕಾದವರು ಅವರು. ಗ್ರಾಂ ಮತ್ತು ಶುದ್ಧತೆ ಬರೆದು, ಟ್ರಸ್ಟಿಯ ಹೆಸರೂ ವಾಲ್ಟಿನ ಹೆಸರೂ ಇಲ್ಲದ ಸರ್ಟಿಫಿಕೇಟ್ ಬರೀ ರಸೀದಿ. 2025ರ ನವೆಂಬರ್‌ನಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ ಸ್ಪಷ್ಟವಾಗಿ ಹೇಳಿದೆ, ಡಿಜಿಟಲ್ ಗೋಲ್ಡ್ ತನ್ನ ವ್ಯಾಪ್ತಿಗೆ ಬರುವುದಿಲ್ಲ, ತೊಂದರೆಯಾದರೆ ಹೂಡಿಕೆದಾರರಿಗೆ ಇರುವ ರಕ್ಷಣೆ ಇಲ್ಲಿ ಸಿಗುವುದಿಲ್ಲ ಅಂತ. ಷೇರು ಪೇಟೆಯಲ್ಲಿ ಕೊಂಡು ಮಾರುವ ಚಿನ್ನದ ಫಂಡ್, ಅಂದರೆ ಗೋಲ್ಡ್ ಇಟಿಎಫ್, ಅದರ ವ್ಯಾಪ್ತಿಯಲ್ಲಿದೆ.

ಚಿನ್ನ ಇದ್ದರೂ ಕೈಗೆ ಸಿಗದೆ ಹೋಗಬಹುದು ಅನ್ನುವುದನ್ನೂ ಮರೆಯಬೇಡಿ. 2013ರಲ್ಲಿ ಮುಂಬೈನ ಎನ್‌ಎಸ್‌ಇಎಲ್ ಅನ್ನೋ ಸರಕು ಎಕ್ಸ್‌ಚೇಂಜಿನ, ಚಿನ್ನವಲ್ಲದ ಬೇರೆ ಸರಕುಗಳ ವ್ಯವಹಾರದಲ್ಲಿ ಸುಮಾರು 5,600 ಕೋಟಿ ಪಾವತಿ ನಿಂತಿತು. ಅದೇ ಕಡೆ ಡಿಮ್ಯಾಟ್ ಖಾತೆಯಲ್ಲಿ ಇ-ಗೋಲ್ಡ್ ಅನ್ನೋ ಚಿನ್ನದ ಯೂನಿಟ್ ಇಟ್ಟವರ ವಹಿವಾಟೂ ನಿಂತುಹೋಯಿತು. ಅವರ ಗಲಾಟೆ ಅಲ್ಲ ಅದು, ಆದರೂ ಕಾಯಬೇಕಾಯಿತು.

ಮಂಜುನಾಥ್: ಹಾಗಾದರೆ ಅಮೆರಿಕದ ನಿಗಾ ಇರುವ ಟೋಕನ್ನೇ ವಾಸಿ ಅಲ್ವಾ ಸರ್, ಇಲ್ಲಿ ಯಾರ ನಿಗಾವೂ ಇಲ್ಲದ್ದಕ್ಕಿಂತ?

ರಘುನಂದನ: ದುಬೈನಲ್ಲೇ ಇರುವ, ಸ್ವಂತ ವಾಲೆಟ್ ಕಾಯ್ದುಕೊಳ್ಳಬಲ್ಲ ತಮ್ಮನಿಗೆ ಇರಬಹುದು. ಹಾಸನದಲ್ಲಿ ಒಡವೆಗೆ ಚಿನ್ನ ಬೇಕಾದ ಅಕ್ಕನಿಗೆ ನಾನು ಹಾಗೆ ಹೇಳಲಾರೆ.

ಮಂಜುನಾಥ್: ನಾನು ಇನ್ನೂ ಪೂರ್ತಿ ಒಪ್ಪಿಲ್ಲ.

ಸವಿತಾ: ಪಿಡಿಎಫ್ ನೋಡಿದೆ. ಗ್ರಾಂ ಇದೆ, 24 ಕ್ಯಾರೆಟ್ ಅಂತ ಇದೆ, ಆ್ಯಪ್ ಹೆಸರು ದೊಡ್ಡದಾಗಿದೆ. ಟ್ರಸ್ಟಿ ಹೆಸರು ಎಲ್ಲೂ ಇಲ್ಲ. ಅವರಿಗೆ ಇಮೇಲ್ ಹಾಕಿ ಟ್ರಸ್ಟಿ ಯಾರು, ವಾಲ್ಟ್ ಎಲ್ಲಿ ಅಂತ ಕೇಳಿದ್ದೇನೆ. ಉತ್ತರ ಬರುವವರೆಗೆ ತಿಂಗಳ ಕಂತು ನಿಲ್ಲಿಸಿದ್ದೇನೆ. ಕುಸುಮಾ, ನೀವು ನಾಣ್ಯ ತರಿಸಿಕೊಂಡಿರಾ, ಇಲ್ಲಾ ಮಾರಿದಿರಾ?