ಒಂದು ಏರ್‌ಪಾಡ್ ಕಳೆದುಹೋಗಿದೆ, ಹೊಸದಾಗಿ ತಂದದ್ದು ಹಳೆಯದರ ಜೊತೆ ಸೇರ್ತಿಲ್ಲ

ಚೈತ್ರಾ, ತುಮಕೂರು: ನನ್ನ ಏರ್‌ಪಾಡ್ಸ್‌ನ ಬಲಗಿವಿಯದು ಬಸ್ಸಿನಲ್ಲಿ ಬಿದ್ದುಹೋಯಿತು. ಸೆಕೆಂಡ್ ಜನರೇಷನ್ನಿನದು. ಒಂದು ಅಂಗಡಿಯಲ್ಲಿ ಬಲಗಡೆಯದೊಂದೇ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಎರಡನ್ನೂ ಕೇಸಿಗೆ ಹಾಕಿದರೆ ಕಿತ್ತಳೆ ಲೈಟ್ ಮಿನುಗುತ್ತಲೇ ಇರುತ್ತದೆ, ಹಾಡು ಎಡಗಿವಿಯಲ್ಲಿ ಮಾತ್ರ. ನನ್ನದು ಆಂಡ್ರಾಯ್ಡ್ ಫೋನ್. ದುಡ್ಡು ಹೋಯ್ತಾ, ಏನಾದರೂ ದಾರಿ ಇದೆಯಾ?

ಮಂಜುನಾಥ: ಇದು ದೊಡ್ಡ ವಿಷಯವೇ ಅಲ್ಲ. ಕೇಸಿನ ಹಿಂದೆ ಒಂದು ಚಿಕ್ಕ ಬಟನ್ ಇದೆ. ಮುಚ್ಚಳ ತೆರೆದಿಟ್ಟು 15 ಸೆಕೆಂಡ್ ಒತ್ತಿ ಹಿಡಿಯಿರಿ. ಎಲ್ಲ ಅಳಿಸಿಹೋಗಿ ಹೊಸದರ ಹಾಗೆ ಆಗುತ್ತದೆ. ಆಮೇಲೆ ಫೋನಿಗೆ ಪೇರ್ ಮಾಡಿ, ಮುಗೀತು.

ಶೈಲಜಾ: ಮೊದಲು Find My ಆ್ಯಪ್‌ನಲ್ಲಿ ನೋಡಿದ್ರಾ? ನನ್ನ ಮಗಳದ್ದು ಹೀಗೇ ಕಳೆದಾಗ ಕೊನೆಗೆ ಎಲ್ಲಿತ್ತು ಅಂತ ಮ್ಯಾಪಿನಲ್ಲಿ ತೋರಿಸಿತು. ಸೋಫಾ ಸಂದಿಯಲ್ಲಿ ಸಿಕ್ಕಿತು.

ಚೈತ್ರಾ: ಶೈಲಜಾ ಅಕ್ಕ, ನನ್ನ ಹತ್ತಿರ ಐಫೋನ್ ಇಲ್ಲ. ಬಸ್ಸೂ ಹೋಗಿ ವಾರವಾಯಿತು. ಕಳೆದದ್ದು ಕಳೆದ ಹಾಗೇ ಬಿಡಿ. ಮಂಜುನಾಥ್ ಅವರೇ, 15 ಸೆಕೆಂಡ್ ಮೂರು ಸಲ ಒತ್ತಿದೆ. ಮತ್ತೆ ಕಿತ್ತಳೆಯೇ.

ಬಸವರಾಜ, ಮೊಬೈಲ್ ರಿಪೇರಿ, ಹುಬ್ಬಳ್ಳಿ: ಚೈತ್ರಾ ಅವರೇ, ಬಟನ್ ಒತ್ತುವುದನ್ನು ಸ್ವಲ್ಪ ನಿಲ್ಲಿಸಿ. ಮೊದಲು ಎರಡೂ ಏರ್‌ಪಾಡ್‌ಗಳ ಮೇಲೆ ಬರೆದಿರುವ ನಂಬರ್ ಓದಿ. ಬೂದು ಬಣ್ಣದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಬರಿಗಣ್ಣಿಗೆ ಕಾಣುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ A ಅಕ್ಷರದಿಂದ ಶುರುವಾಗುವ ನಂಬರ್ ಕಾಣುತ್ತದೆ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಫಸ್ಟ್ ಮತ್ತು ಸೆಕೆಂಡ್ ಜನರೇಷನ್ ನೋಡಲು ಒಂದೇ ಥರ. ಅದೇ ಆಕಾರ, ಅದೇ ಬಿಳುಪು, ಕೇಸಿನಲ್ಲೂ ಸರಿಯಾಗಿ ಕೂರುತ್ತದೆ, ಚಾರ್ಜೂ ಆಗುತ್ತದೆ. ಆದರೆ 2016ರದ್ದರಲ್ಲಿ W1 ಚಿಪ್, 2019ರದ್ದರಲ್ಲಿ H1 ಚಿಪ್. ಇವೆರಡೂ ಜೋಡಿಯಾಗುವುದೇ ಇಲ್ಲ. ನಿಮ್ಮದು ನಿಜವಾಗಿ ಸೆಕೆಂಡ್ ಜನರೇಷನ್ ಆಗಿದ್ದರೆ ಎಡಗಡೆ A2031, ಬಲಗಡೆ A2032 ಇರಬೇಕು. A1523 ಅಥವಾ A1722 ಕಂಡರೆ ಅದು ಫಸ್ಟ್ ಜನರೇಷನ್. ಆಗ ಯಾವ ರೀಸೆಟ್ಟೂ ಕೆಲಸ ಮಾಡಲ್ಲ.

ಮಂಜುನಾಥ್ ಹೇಳಿದ್ದು ತಪ್ಪಲ್ಲ. ಆದರೆ ರೀಸೆಟ್ ಮಾಡಿದರೆ ಹಳೆಯ ಜೋಡಣೆಯ ನೆನಪು ಅಳಿಯುತ್ತದೆ ಅಷ್ಟೇ. ಎರಡು ಬೇರೆ ಬೇರೆ ಪೀಸುಗಳನ್ನು ಅದು ಒಂದೇ ಥರ ಮಾಡುವುದಿಲ್ಲ.

ಚೈತ್ರಾ: ಅಬ್ಬಾ, ಕಣ್ಣು ನೋವು ಬಂತು. ಎಡಗಡೆಯದು A2031. ಅಂಗಡಿಯಿಂದ ತಂದದ್ದು A1523!

ಬಸವರಾಜ: ಹಾಗಾದರೆ ವಾಪಸ್ ಕೊಟ್ಟು A2032 ಕೇಳಿ. ಅಂಗಡಿಯವರಿಗೂ ಗೊತ್ತಿಲ್ಲದೆ ಇರಬಹುದು, ಬಿಡಿಬಿಡಿಯಾಗಿ ಬಂದ ಪೀಸುಗಳನ್ನು ಒಂದೇ ಡಬ್ಬಿಗೆ ಹಾಕಿಟ್ಟಿರುತ್ತಾರೆ. ಈ ಸಲ ಅಲ್ಲೇ ನಿಂತು ನಂಬರ್ ಓದಿಕೊಂಡು ಬನ್ನಿ.

ಲೋಕೇಶ: ಸರ್, ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನಗೆ ಉಲ್ಟಾ ಆಗಿದೆ. ಎರಡೂ ಏರ್‌ಪಾಡ್ ಇವೆ, ಕೇಸೇ ಕಳೆದಿದೆ. ಇದೇ ಸೆಕೆಂಡ್ ಜನರೇಷನ್. ಬೇರೆ ಕೇಸ್ ತಂದರೆ ಇಷ್ಟೆಲ್ಲ ಗೋಳು ಇದೆಯಾ?

ಬಸವರಾಜ: ನಿಮ್ಮದು ಸುಲಭ, ಲೋಕೇಶ್. ಎರಡೂ ಮೊದಲಿನಿಂದ ಒಂದೇ ಜೋಡಿ, ಅವಕ್ಕೆ ಒಂದರ ಗುರುತು ಇನ್ನೊಂದಕ್ಕಿದೆ. ಒರಿಜಿನಲ್ ಕೇಸ್ A1602 ತನ್ನಿ. ಇದು ಫಸ್ಟ್, ಸೆಕೆಂಡ್ ಎರಡಕ್ಕೂ ಆಗುತ್ತದೆ. ವೈರ್‌ಲೆಸ್ ಚಾರ್ಜಿಂಗ್ ಬೇಕಿದ್ದರೆ A1938. ಎರಡನ್ನೂ ಒಳಗಿಟ್ಟು ಮುಚ್ಚಳ ತೆರೆದೇ ಹಿಂದಿನ ಬಟನ್ ಹಿಡಿಯಿರಿ. ಬಿಳಿ ಲೈಟ್ ಮಿನುಗಿದ ಕೂಡಲೇ ಫೋನಿಗೆ ಪೇರ್ ಮಾಡಿ.

ಎಚ್ಚರ ಇರಬೇಕಾದ್ದು ನಕಲಿ ಕೇಸಿನ ಬಗ್ಗೆ. ಕೆಲವು ಸುಮ್ನೆ ಚಾರ್ಜ್ ಮಾಡುತ್ತವೆ ಅಷ್ಟೇ. ಐಫೋನ್ ಪಕ್ಕ ಮುಚ್ಚಳ ತೆರೆದಾಗ ಬರಬೇಕಾದ ಬ್ಯಾಟರಿ ಚಿತ್ರ ಬರುವುದಿಲ್ಲ. ಅಂಗಡಿಯಲ್ಲೇ ಯಾರದ್ದಾದರೂ ಐಫೋನ್ ಹತ್ತಿರ ತೆರೆದು ನೋಡಿ, ಆಮೇಲೆ ದುಡ್ಡು ಕೊಡಿ. ಹಳೆಯ ಕೇಸಾದರೆ ಗುಳಿಯ ತಳ ನೋಡಿ. ಅಲ್ಲಿ ಜೇಬಿನ ದಾರದ ಎಳೆ, ಮಣ್ಣು ಸೇರಿ ಗಟ್ಟಿಯಾಗಿರುತ್ತದೆ. ಏರ್‌ಪಾಡ್ ಕೂತ ಹಾಗೆ ಕಾಣುತ್ತದೆ, ತಳಕ್ಕೆ ತಾಗಿರುವುದಿಲ್ಲ. ಒಣ ಹತ್ತಿ ಕಡ್ಡಿಯಲ್ಲಿ ತೆಗೆಯಿರಿ, ನೀರು ಬೇಡ.

ಫಾತಿಮಾ: ನನ್ನದು ಏರ್‌ಪಾಡ್ಸ್ ಅಲ್ಲ, ಆನ್‌ಲೈನಿನಲ್ಲಿ ತಂದ ಕಮ್ಮಿ ಬೆಲೆಯ ಇಯರ್‌ಬಡ್ಸ್. ಎಡಗಡೆಯದು ಕಳೆದಿದೆ. ಅದಕ್ಕೂ ಹೀಗೇ ಮಾಡಬಹುದಾ ಅಣ್ಣ?

ಬಸವರಾಜ: ಫಾತಿಮಾ ಅವರೇ, ಅದರಲ್ಲಿ ಮೊದಲ ಕಷ್ಟ ಒಂಟಿ ಪೀಸ್ ಸಿಗುವುದೇ. ಕಮ್ಮಿ ಬೆಲೆಯವನ್ನು ಹೆಚ್ಚಾಗಿ ಬಿಡಿಯಾಗಿ ಮಾರುವುದಿಲ್ಲ. ಅದೇ ಮಾಡೆಲ್ಲಿನ ಇನ್ನೊಬ್ಬರ ಹಳೆಯದು ಸಿಕ್ಕರೆ ನೋಡಬಹುದು. ಬಹಳಷ್ಟರಲ್ಲಿ ಎರಡನ್ನೂ ಕೇಸಿನಿಂದ ಹೊರತೆಗೆದು, ಫೋನಿನ ಬ್ಲೂಟೂತ್ ಆಫ್ ಮಾಡಿ, ಎರಡರ ಬಟನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮೊದಲು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಆಮೇಲೆ ಫೋನಿಗೆ ಸೇರಿಸಬೇಕು. ಎಷ್ಟು ಹೊತ್ತು ಹಿಡಿಯಬೇಕು ಅನ್ನೋದು ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. ಡಬ್ಬಿಯಲ್ಲಿ ಬಂದ ಚೀಟಿ ಇದ್ದರೆ ಅದನ್ನೇ ನಂಬಿ.

ಚೈತ್ರಾ (ನಾಲ್ಕು ದಿನದ ನಂತರ): ಸರ್, ಅಂಗಡಿಯವರು ತಕರಾರು ಮಾಡದೆ ಬದಲಾಯಿಸಿಕೊಟ್ಟರು. ಈಗ ಎಡ A2031, ಬಲ A2032, ನಾನೇ ಓದಿಕೊಂಡೆ. ಆದರೂ ಕಿತ್ತಳೆ ಲೈಟ್! ಅಳು ಬರುವ ಹಾಗಾಗಿದೆ.

ಬಸವರಾಜ: ಗಾಬರಿ ಬೇಡ. ಈಗ ಸಿಕ್ಕಿರುವುದು ಸರಿಯಾದ ಪೀಸು, ಉಳಿದದ್ದು ಸಾಫ್ಟ್‌ವೇರ್ ವಿಷಯ. ಎರಡನ್ನೂ ಕೇಸಿನಲ್ಲಿಟ್ಟು, ಮುಚ್ಚಳ ಮುಚ್ಚಿ, ಕೇಸನ್ನು ಚಾರ್ಜರಿಗೆ ಹಾಕಿ 20 ನಿಮಿಷ ಬಿಡಿ. ನಡುವೆ ತೆರೆಯಬೇಡಿ. ಆಮೇಲೆ ತೆರೆದು ಬಟನ್ ಹಿಡಿದು ನೋಡಿ.

ಚೈತ್ರಾ: 20 ಅಲ್ಲ, 40 ನಿಮಿಷ ಬಿಟ್ಟೆ. ಕಿತ್ತಳೆ.

ಬಸವರಾಜ: ನೀವು ಈ ಸೆಟ್ಟನ್ನು ಎಷ್ಟು ದಿನದಿಂದ ಆಂಡ್ರಾಯ್ಡ್ ಫೋನಿಗೇ ಹಾಕಿಕೊಂಡಿದ್ದೀರಿ?

ಚೈತ್ರಾ: ಸುಮಾರು ಮೂರು ವರ್ಷ. ಅಣ್ಣ ಹೊಸದು ತಗೊಂಡಾಗ ಇದನ್ನು ನನಗೆ ಕೊಟ್ಟ.

ಬಸವರಾಜ: ಅಲ್ಲೇ ಇರೋದು. ಏರ್‌ಪಾಡ್‌ನ ಒಳಗೂ ಒಂದು ಸಾಫ್ಟ್‌ವೇರ್ ಇರುತ್ತದೆ. ಅದು ಐಫೋನ್, ಐಪ್ಯಾಡ್, ಮ್ಯಾಕ್ ಹತ್ತಿರ ಇದ್ದಾಗ ತಾನಾಗಿಯೇ ಅಪ್‌ಡೇಟ್ ಆಗುತ್ತದೆ. ಆಂಡ್ರಾಯ್ಡ್ ಫೋನ್ ಹಾಡು ಕೇಳಿಸುತ್ತದೆ, ಅಪ್‌ಡೇಟ್ ಕೊಡುವುದಿಲ್ಲ. ನಿಮ್ಮ ಎಡಗಡೆಯದು ಮೂರು ವರ್ಷದ ಹಿಂದಿನ ವರ್ಷನ್ನಿನಲ್ಲೇ ನಿಂತಿರುತ್ತದೆ. ಬಲಗಡೆಯದು ಬೇರೆ ಯಾರದ್ದೋ ಐಫೋನಿನ ಜೊತೆ ಇದ್ದು ಹೊಸ ವರ್ಷನ್ನಿಗೆ ಬಂದಿರಬಹುದು. ವರ್ಷನ್ ಬೇರೆ ಬೇರೆ ಇದ್ದಾಗಲೂ ಇದೇ ಕಿತ್ತಳೆ ಲೈಟ್ ಬರುತ್ತದೆ.

ಅಣ್ಣನ ಐಫೋನ್ ಒಂದು ರಾತ್ರಿ ಕೇಳಿ ಇಸಿದುಕೊಳ್ಳಿ. ಮಾಡುವುದು ಹೀಗೆ. ಕೇಸಿನಲ್ಲಿ ಎಡಗಡೆಯದೊಂದನ್ನೇ ಇಡಿ, ಬಲಗಡೆಯದು ಹೊರಗಿರಲಿ. ಮುಚ್ಚಳ ತೆರೆದು ಬಿಳಿ ಲೈಟ್ ಮಿನುಗುವ ತನಕ ಬಟನ್ ಹಿಡಿಯಿರಿ. ಒಂದೇ ಇದ್ದಾಗ ಬಿಳಿ ಬರುತ್ತದೆ, ಯಾಕೆಂದರೆ ಜಗಳವಾಡಲು ಜೋಡಿ ಇಲ್ಲ. ಐಫೋನಿಗೆ ಪೇರ್ ಮಾಡಿ. ಆಮೇಲೆ Settings > Bluetooth ಒಳಗೆ ಏರ್‌ಪಾಡ್ಸ್ ಪಕ್ಕದ i ಒತ್ತಿ, ಕೆಳಗೆ Version ನೋಡಿ ಬರೆದಿಟ್ಟುಕೊಳ್ಳಿ. ಅದನ್ನು ತೆಗೆದು ಬಲಗಡೆಯದಕ್ಕೂ ಹೀಗೇ ಮಾಡಿ ಬರೆದುಕೊಳ್ಳಿ. ಎರಡರಲ್ಲಿ ಯಾವುದು ಹಳೆಯದು ಅಂತ ಗೊತ್ತಾಗುತ್ತದೆ.

ಹಳೆಯದನ್ನು ಒಂಟಿಯಾಗಿ ಕೇಸಿನಲ್ಲಿಟ್ಟು ಮತ್ತೆ ಐಫೋನಿಗೆ ಪೇರ್ ಮಾಡಿ, ಮುಚ್ಚಳ ಮುಚ್ಚಿ, ಕೇಸನ್ನು ಚಾರ್ಜಿಗೆ ಹಾಕಿ, ಫೋನನ್ನು ವೈಫೈನಲ್ಲಿ ಪಕ್ಕದಲ್ಲೇ ಇಡಿ. ಅಪ್‌ಡೇಟ್ ಮಾಡು ಅಂತ ಒತ್ತುವ ಬಟನ್ ಎಲ್ಲೂ ಇಲ್ಲ. ಅರ್ಧ ಗಂಟೆಯಲ್ಲೂ ಆಗಬಹುದು, ರಾತ್ರಿಯಿಡೀ ಬೇಕಾಗಬಹುದು. ಎರಡರ Version ಒಂದೇ ಆದ ಮೇಲೆ ಜೊತೆಯಾಗಿ ಇಟ್ಟು ಮಂಜುನಾಥ್ ಹೇಳಿದ 15 ಸೆಕೆಂಡಿನ ರೀಸೆಟ್ ಮಾಡಿ. ಅದರ ಜಾಗ ಇಲ್ಲಿ, ಕೊನೆಯಲ್ಲಿ.

ಪ್ರಕಾಶ: ಏರ್‌ಪಾಡ್ಸ್ ಪ್ರೋಗೂ ಇದೇನಾ ಸರ್? ನಾನು ಒಂದು ಪೀಸ್ ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತಿದ್ದೇನೆ.

ಬಸವರಾಜ: ಕ್ರಮ ಇದೇ. ಆದರೆ ಪ್ರೋನಲ್ಲಿ ಮತ್ತು ಥರ್ಡ್ ಜನರೇಷನ್ನಿನಲ್ಲಿ ಇನ್ನೊಂದು ಬೀಗ ಇದೆ. ಹಿಂದಿನ ಮಾಲೀಕರ ಆಪಲ್ ಅಕೌಂಟಿಗೆ ಅದು ಅಂಟಿಕೊಂಡಿರುತ್ತದೆ. ಅವರು Find My ಒಳಗಿಂದ ತೆಗೆಯದೆ ಮಾರಿದ್ದರೆ ನಿಮಗೆ ತೊಂದರೆ. ಮಾರುವವರ ಎದುರಿಗೇ ತೆಗೆಸಿ. ತೆಗೆಯಲು ಆಗಲ್ಲ ಅಂದರೆ ಆ ಪೀಸ್ ಯಾರದ್ದೋ ಕಳೆದುಹೋದದ್ದೂ ಇರಬಹುದು, ಬಿಟ್ಟುಬಿಡಿ. ಸರ್ವಿಸ್ ಸೆಂಟರಿನಲ್ಲಿ ಒಂಟಿ ಪೀಸ್ ಕೇಳಿ ತಗೊಂಡರೆ ಈ ತಲೆನೋವು ಇಲ್ಲ, ದುಡ್ಡು ಜಾಸ್ತಿ.

ಚೈತ್ರಾ (ಮರುದಿನ): ಆಯ್ತು ಸರ್!! ನೀವು ಹೇಳಿದ ಹಾಗೇ ಎಡಗಡೆಯದೇ ಹಳೆಯದು. ರಾತ್ರಿ ಹತ್ತಕ್ಕೆ ಇಟ್ಟೆ, ಹನ್ನೊಂದಕ್ಕೆ ನೋಡಿದರೆ ಹಾಗೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ನಂಬರ್ ಬದಲಾಗಿತ್ತು, ಎರಡೂ ಒಂದೇ. ಜೊತೆಗಿಟ್ಟು 15 ಸೆಕೆಂಡ್ ಹಿಡಿದೆ. ಕಿತ್ತಳೆ ಮಿನುಗಿತು, ನಿಂತಿತು, ಬಿಳಿ ಬಂತು. ಅಡುಗೆಮನೆಯಿಂದ ಅಮ್ಮ ಏನಾಯ್ತು ಅಂತ ಓಡಿ ಬಂದರು, ಅಷ್ಟು ಜೋರಾಗಿ ಕೂಗಿದ್ದೆ. ಈಗ ನನ್ನ ಫೋನಿಗೇ ಹಾಕಿಕೊಂಡಿದ್ದೇನೆ.

ಆದರೆ ಒಂದು ವಿಷಯ. ಎಡಗಡೆಯದು ಒಂದೂವರೆ ಗಂಟೆಯಲ್ಲಿ ಟುಯ್ಯ್ ಅಂತ ಆಫ್ ಆಗುತ್ತದೆ. ಬಲಗಡೆಯದು ನಾಲ್ಕು ಗಂಟೆ ಹತ್ತಿರ ಬರುತ್ತದೆ. ಎಡಗಡೆ ಸದ್ದೂ ಸ್ವಲ್ಪ ಕಮ್ಮಿ ಅನಿಸುತ್ತದೆ.

ಬಸವರಾಜ: ತುಂಬಾ ಸಂತೋಷ ಆಯಿತು. ಸದ್ದು ಕಮ್ಮಿ ಇದ್ದರೆ ಮೊದಲು ಜಾಲರಿ ನೋಡಿ, ಕಿವಿಯ ಗುಗ್ಗೆ ಕೂತಿರುತ್ತದೆ. ಜಾಲರಿ ಕೆಳಮುಖವಾಗಿ ಹಿಡಿದು ಮೆತ್ತನೆಯ ಒಣ ಬ್ರಷ್ಷಿನಲ್ಲಿ ತೆಗೆಯಿರಿ, ಪಿನ್ನು ಚುಚ್ಚಬೇಡಿ. ಬ್ಯಾಟರಿ ಮಾತ್ರ ವಯಸ್ಸಿನದು. ಅಂಟು ಹಾಕಿ ಮುಚ್ಚಿರುವ ಪೀಸು, ತೆಗೆದು ಬ್ಯಾಟರಿ ಬದಲಾಯಿಸುವ ಕೆಲಸ ನಾನು ಒಪ್ಪಿಕೊಳ್ಳುವುದಿಲ್ಲ. ಕಾಲ್ ಮಾಡುವಾಗ ಎಡಗಡೆಯದನ್ನು ಕೇಸಿನಲ್ಲೇ ಬಿಟ್ಟು ಬಲಗಡೆಯದೊಂದನ್ನೇ ಹಾಕಿಕೊಳ್ಳಿ.

ಮಂಜುನಾಥ: ನನ್ನ ಕೇಳಿದರೆ ಎಡಗಡೆ A2031 ಒಂದೂ ತಗೊಂಡುಬಿಡಿ, ಸರಿಹೋಗುತ್ತದೆ.

ಬಸವರಾಜ: ನನಗೆ ಹಾಗನಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಪೀಸಿನ ಬ್ಯಾಟರಿ ಎಷ್ಟು ಉಳಿದಿದೆ ಅಂತ ಹೊರಗಿಂದ ಹೇಳಲು ಬರುವುದಿಲ್ಲ. ಬಲಗಡೆಯದು ಚೆನ್ನಾಗಿ ಸಿಕ್ಕಿದ್ದು ಅದೃಷ್ಟ.

ಚೈತ್ರಾ: ಬ್ರಷ್ ಹಾಕಿದೆ, ಸದ್ದು ಸ್ವಲ್ಪ ಏರಿತು. ಇನ್ನೊಂದು ಪೀಸಿನ ವಿಷಯ ಸಂಬಳ ಬಂದ ಮೇಲೆ ನೋಡುತ್ತೇನೆ. ತುಮಕೂರಿನಲ್ಲಿ ಯಾರ ಹತ್ತಿರವಾದರೂ A2031 ಇದ್ದರೆ, ಎರಡು ಗಂಟೆ ಹಾಡು ಹಾಕಿ ನೋಡಲು ಬಿಡುವವರಾದರೆ ಮಾತ್ರ ಮೆಸೇಜ್ ಮಾಡಿ.