ಸಹಾಯ ಬೇಕು: ಹಲ್ಲಿ, ಹಳ್ಳಿ ಎರಡೂ ಒಂದೇ ಆಗ್ತಿದೆ

ನ್ಯೂಜೆರ್ಸಿಯಲ್ಲಿ ಭಾನುವಾರ ಆರೇಳು ವರ್ಷದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಪ್ರತಿ ಸ್ಲೈಡಿನಲ್ಲಿ ಚಿತ್ರ, ಕನ್ನಡ ಪದ, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ. ಹಾಲಿಗೆ haalu ಎಂದು ಬರೆದೆ, ಸರಿಹೋಯಿತು. ಸಿಕ್ಕಿಕೊಂಡಿದ್ದು ‘ಳ’ದಲ್ಲಿ. ಹಲ್ಲಿಗೂ ಹಳ್ಳಿಗೂ halli ಅಂತಲೇ ಬರೆದುಬಿಟ್ಟಿದ್ದೆ. “ನಮ್ಮಜ್ಜಿ ಹಲ್ಲಿಯಲ್ಲಿದ್ದಾರೆ” ಅಂದ ಒಬ್ಬ!

ದೊಡ್ಡಕ್ಷರ ಹಾಕಿ haLLi ಮಾಡಿದೆ. ಅಲ್ಲಿ ಜೋರಾಗಿ ಕೂಗುತ್ತಾರೆ, ಅಷ್ಟೇ. ಕೆಳಗೆ ಚುಕ್ಕೆಯಿರುವ ḷ ಅವರ ಕಣ್ಣಿಗೇ ಬೀಳಲಿಲ್ಲ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ ತೋರಿಸಿದರೆ ತಕ್ಷಣ ಹೇಳುತ್ತಾರೆ. ಮನೆಯಲ್ಲಿ ಸ್ಲೈಡ್ ಓದುವಾಗ ಮತ್ತೆ ಹಲ್ಲಿ.

ಈ ವಯಸ್ಸಿನವರಿಗೆ ಕಲಿಸಿದವರು ಹೇಳಿ: ‘ಳ’ಕ್ಕೆ ಬೇರೆ ಬಣ್ಣ ಕೊಡಲೇ, ಪಕ್ಕದಲ್ಲಿ ಮಡಚಿದ ನಾಲಿಗೆಯ ಚಿತ್ರ ಹಾಕಲೇ, ಇಲ್ಲಾ ಇಂಗ್ಲಿಷ್ ಅಕ್ಷರ ತೆಗೆದು ಧ್ವನಿ ಮಾತ್ರ ಇಡಲೇ?